ಇರಲಿ ಚುಕ್ಕಿ

ಆಸ್ಪತ್ರೆಯಲ್ಲಿ ನನಗೊಂದು ಅಡ್ಡಹೆಸರಿದೆ: ಕಟ್ ಮೇಡಂ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ನಾನು ಲಿಫ್ಟ್ ಹತ್ತಿದ ಕೂಡಲೇ ಒಳಗಿನ ಮಾತು ನಿಂತುಹೋಗುವ ರೀತಿಯಿಂದಲೇ ಗೊತ್ತಾಗುತ್ತದೆ. ನಾನು ಕೂರುವುದು ನೆಲಮಹಡಿಯ ವಿಮೆ ಕೌಂಟರಿನಲ್ಲಿ. ವಿಮೆ ಕಂಪನಿಯವರು ಬಿಲ್ಲಿನಲ್ಲಿ ಎಷ್ಟು ಕಡಿತ ಮಾಡಿದ್ದಾರೆ ಎಂದು ರೋಗಿಯ ಮನೆಯವರಿಗೆ ಹೇಳುವುದು ನನ್ನ ಕೆಲಸ. ಕಡಿತ ಮಾಡುವವರು ಎಲ್ಲೋ ತಣ್ಣಗೆ ಕೂತಿರುತ್ತಾರೆ, ಬೈಸಿಕೊಳ್ಳುವವಳು ನಾನು. ಹದಿನಾಲ್ಕು ವರ್ಷದಿಂದ ಬೈಸಿಕೊಂಡು ಬೈಸಿಕೊಂಡು ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಶನಿವಾರ ನಾನು ಮಾಡಿದ ರಂಪಕ್ಕೆ ಅರ್ಧ ಕಾರಣ ಅದೇ.

ಬುಧವಾರ ಬೆಳಗಿನ ಜಾವ ನನ್ನ ಭಾವನಿಗೆ ಹೊಟ್ಟೆನೋವು ಬಂತು. ಅಕ್ಕ ಅವರನ್ನು ನಮ್ಮ ಆಸ್ಪತ್ರೆಗೇ ಕರೆತಂದಳು. ಪಿತ್ತಕೋಶದಲ್ಲಿ ಕಲ್ಲು. ನಾನು ಅದೇ ದಿನದಿಂದ ಮೂರು ದಿನ ಇನ್ನೊಂದು ಊರಿಗೆ ತರಬೇತಿಗೆ ಹೋಗಿದ್ದೆ. ಯಾವ ತರಬೇತಿ ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ: ವಿಮೆ ಕಡತಗಳಲ್ಲಿ ತಪ್ಪು ಕಡಿಮೆ ಮಾಡುವುದು ಹೇಗೆ ಎಂಬುದರ ಬಗ್ಗೆ. ಬಸ್ಸಿನಲ್ಲಿದ್ದಾಗಲೇ ಅಕ್ಕನ ಫೋನ್ ಬಂತು. ನಾನು ಒಂದೇ ಮಾತನ್ನು ಮೂರು ಸಲ ಹೇಳಿದೆ. ಇಬ್ಬರ ಕೋಣೆಯನ್ನೇ ತಗೊಳ್ಳಿ, ಒಬ್ಬರ ಕೋಣೆ ಕೊಡ್ತೀವಿ ಅಂದ್ರೂ ಬೇಡ ಅನ್ನಿ, ಭಾವನಿಗೆ ಕೈಮುಗಿದು ಕೇಳಿಕೊಂಡೆ ಅಂತ ಹೇಳು. ಅಕ್ಕ ಹೂಂ ಎಂದಳು. ಹಿಂದಿನಿಂದ ಭಾವ ನರಳುತ್ತಲೇ ಹೂಂ ಎಂದದ್ದೂ ಕೇಳಿಸಿತು.

ಕೋಣೆಯ ವಿಷಯಕ್ಕೆ ನಾನು ಅಷ್ಟು ಹಟ ಹಿಡಿಯಲು ಕಾರಣವಿದೆ. ಭಾವನ ಪಾಲಿಸಿ ನಾಲ್ಕು ಲಕ್ಷದ್ದು. ಕೋಣೆಯ ಬಾಡಿಗೆಗೆ ಅದರಲ್ಲಿ ದಿನಕ್ಕೆ ನಾಲ್ಕು ಸಾವಿರದ ಮಿತಿ. ನಮ್ಮಲ್ಲಿ ಇಬ್ಬರ ಕೋಣೆಗೆ ಸರಿಯಾಗಿ ನಾಲ್ಕು ಸಾವಿರ, ಒಬ್ಬರ ಕೋಣೆಗೆ ಎಂಟು. ಜನ ಏನಂದುಕೊಳ್ಳುತ್ತಾರೆಂದರೆ, ಎಂಟರ ಕೋಣೆ ತಗೊಂಡರೆ ಮೇಲಿನ ನಾಲ್ಕು ಸಾವಿರ ನಾವು ಕೊಟ್ಟರಾಯಿತು ಎಂದು. ಹಾಗಲ್ಲ. ಕೋಣೆಯ ಅರ್ಧ ಬಾಡಿಗೆಗೆ ಮಾತ್ರ ನೀವು ಅರ್ಹರಾದರೆ, ಆಪರೇಷನ್ ಕೋಣೆ, ಸರ್ಜನ್, ಅರಿವಳಿಕೆಯವರು, ನರ್ಸಿಂಗ್ ಎಲ್ಲದಕ್ಕೂ ಅರ್ಧವೇ ಸಿಗುತ್ತದೆ. ಔಷಧಿ, ರಕ್ತಪರೀಕ್ಷೆ ಮಾತ್ರ ಇದರಿಂದ ಪಾರು. ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಹತ್ತು ಸಲವೂ ಕೇಳಿದವರು ನಾನೇ ಆ ನಿಯಮ ಮಾಡಿದವಳು ಎಂಬಂತೆ ನೋಡುತ್ತಾರೆ.

ಅಂದು ಫೋನಿನಲ್ಲಿ ಅಕ್ಕ ಇನ್ನೊಂದು ಪ್ರಶ್ನೆ ಕೇಳಿದ್ದಳು: ಕೈಯಿಂದ ಎಷ್ಟು ಹೋಗಬಹುದು? ಇಬ್ಬರ ಕೋಣೆಯಾದರೆ ಹದಿನೈದು ಸಾವಿರದ ಆಸುಪಾಸು ಎಂದು ಹೇಳಿದೆ. ಅಕ್ಕನಿಗೆ ಉಸಿರು ಬಂದ ಹಾಗಾಯಿತು. ಯಾಕೆಂದರೆ ಅವಳ ಹತ್ತಿರ ಇದ್ದದ್ದು ಐವತ್ತೈದು ಸಾವಿರ, ಮತ್ತು ಅದರಲ್ಲಿ ನಲವತ್ತು ಸಾವಿರ ಸ್ಕೂಟರಿನದು.

ಸ್ಕೂಟರಿನ ಕಥೆ ಹೇಳಬೇಕು. ಅಕ್ಕ ಕಿಟಕಿ ಪರದೆ ಹೊಲಿಯುತ್ತಾಳೆ. ಮನೆಮನೆಗೆ ಹೋಗಿ ಕಿಟಕಿ ಅಳೆದು, ಬಟ್ಟೆ ತಂದು, ಹೊಲಿದು, ಮತ್ತೆ ಹೋಗಿ ನೇತುಹಾಕಿ ಬರುತ್ತಾಳೆ. ಹತ್ತು ಕಿಲೋ ಪರದೆಯ ಗಂಟನ್ನು ಹೊತ್ತು ಎರಡು ಬಸ್ಸು ಬದಲಿಸುವುದೆಂದರೆ ಹುಡುಗಾಟವಲ್ಲ. ಒಮ್ಮೆ ಬಸ್ಸಿನ ಬಾಗಿಲಲ್ಲಿ ಪರದೆಯ ಉಂಗುರ ಸಿಕ್ಕಿಕೊಂಡು ಯಾರದೋ ಮನೆಯ ಹಾಲಿನ ಪರದೆ ಅರ್ಧ ಬೀದಿಯ ಉದ್ದಕ್ಕೂ ಬಿಚ್ಚಿಕೊಂಡಿತ್ತು. ಅಂದು ಅವಳು ಸ್ಕೂಟರ್ ಕಲಿಯುತ್ತೇನೆ ಎಂದಳು. ಐವತ್ತೆಂಟನೇ ವಯಸ್ಸಿನಲ್ಲಿ ಕಲಿತಳು, ಎರಡು ಸಲ ಬಿದ್ದಳು, ಲೈಸೆನ್ಸ್ ತಗೊಂಡಳು. ಅವಳ ಬೀದಿಯ ಟೀಚರ್ ಒಬ್ಬರು ವರ್ಗವಾಗಿ ಹೋಗುವವರಿದ್ದರು. ಅವರ ಸ್ಕೂಟರು ನಲವತ್ತಕ್ಕೆ ಮಾತಾಗಿತ್ತು. ಶನಿವಾರ ಸಂಜೆ ಆರರ ತನಕ ಕಾಯುತ್ತೇನೆ, ಆಮೇಲೆ ಇನ್ನೊಬ್ಬರಿಗೆ ಕೊಡುತ್ತೇನೆ ಎಂದು ಟೀಚರ್ ಹೇಳಿದ್ದರು. ಅಕ್ಕನ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ‘ಸ್ಕೂಟರ್’ ಎಂದು ಬರೆದು, ಕೆಳಗೆ ಮೂರು ವರ್ಷದಿಂದ ಕೂಡಿಸಿಟ್ಟ ಲೆಕ್ಕವಿತ್ತು.

ಭಾವನ ಬಗ್ಗೆಯೂ ಎರಡು ಮಾತು. ಅವರು ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ನಿವೃತ್ತರಾದ ಮೇಲೂ ಕೈ ಸುಮ್ಮನಿರುವುದಿಲ್ಲ. ಅಂಗಡಿಯ ಬೋರ್ಡು, ಔಷಧಿ ಡಬ್ಬಿ, ಮದುವೆ ಕಾಗದ ಎಲ್ಲವನ್ನೂ ತಿದ್ದುತ್ತಾರೆ. ಒಂಬತ್ತು ವರ್ಷದ ಹಿಂದೆ ಈ ಪಾಲಿಸಿ ಮಾಡಿಸಿದಾಗ ಅದರ ಪುಸ್ತಕವನ್ನು ಮೊದಲಿನಿಂದ ಕೊನೆಯ ತನಕ ಓದಿ, ಹದಿನೇಳು ಅಚ್ಚಿನ ತಪ್ಪು ಹುಡುಕಿ, ಕಂಪನಿಗೆ ಪಟ್ಟಿ ಕಳಿಸಿದ್ದರು. ಕೋಣೆಯ ಮಿತಿ ಎಷ್ಟು ಎಂದು ಕೇಳಿದರೆ, ಅದು ಇಪ್ಪತ್ತೆರಡನೇ ಪುಟ, ಅಲ್ಲಿ ‘ಬಾಡಿಗೆ’ಗೆ ಬದಲು ‘ಬಾಡಿಗ’ ಎಂದಿದೆ ಎನ್ನುತ್ತಿದ್ದರು.

ಶನಿವಾರ ಬೆಳಿಗ್ಗೆ ನಾನು ಬಸ್ಸಿಳಿದು ನೇರ ಕೌಂಟರಿಗೆ ಬಂದೆ. ಭಾವನಿಗೆ ಗುರುವಾರ ಆಪರೇಷನ್ ಆಗಿತ್ತು, ಶನಿವಾರ ಮನೆಗೆ ಕಳಿಸುವವರಿದ್ದರು. ಮೊದಲು ಮೇಲೆ ಹೋಗಿ ಮುಖ ನೋಡಿ ಬರೋಣ ಎಂದುಕೊಂಡೆ, ಆದರೆ ಮೇಜಿನ ಮೇಲೆ ಮೂವತ್ತು ಕಡತ ಬಿದ್ದಿದ್ದವು. ಭಾವನ ಅಂತಿಮ ಬಿಲ್ಲೂ ಬಿಲ್ಲಿಂಗ್ ವಿಭಾಗದಿಂದ ಬಂದಿತ್ತು. ಅದನ್ನು ಒಳಗೆ ತೆರೆದೂ ನೋಡದೆ ವಿಮೆ ಕಂಪನಿಗೆ ಕಳಿಸಿದೆ. ನಮ್ಮ ಮನೆಯ ಕಡತ, ಬೇಗ ಹೋಗಲಿ ಎಂಬ ಪ್ರೀತಿ. ಆ ಪ್ರೀತಿಗೆ ಆಮೇಲೆ ಸರಿಯಾಗಿ ದಂಡ ತೆತ್ತೆ.

ಒಂದು ಗಂಟೆಗೆ ಮಂಜೂರಾತಿ ಪತ್ರ ಬಂತು. ಬಿಲ್ಲು ಒಂದು ಲಕ್ಷ ನಲವತ್ತು ಸಾವಿರ. ಮಂಜೂರಾದದ್ದು ಎಪ್ಪತ್ಮೂರು ಸಾವಿರದ ಎಂಟುನೂರು. ರೋಗಿ ಕೊಡಬೇಕಾದದ್ದು ಅರವತ್ತಾರು ಸಾವಿರದ ಇನ್ನೂರು.

ಮೊತ್ತವನ್ನು ಇನ್ನೊಮ್ಮೆ ನೋಡಿದೆ. ಕೆಳಗೆ ವಿವರ ಓದಿದೆ. ಕೋಣೆ ದಿನಕ್ಕೆ ಎಂಟು ಸಾವಿರದಂತೆ ಇಪ್ಪತ್ನಾಲ್ಕು ಸಾವಿರ, ಅದರಲ್ಲಿ ಹನ್ನೆರಡು ಕಡಿತ. ಸರ್ಜನ್, ಆಪರೇಷನ್ ಕೋಣೆ ಇತ್ಯಾದಿ ಎಂಬತ್ತು ಸಾವಿರ, ಅದರಲ್ಲಿ ಅರ್ಧ, ಅಂದರೆ ನಲವತ್ತು ಕಡಿತ. ಔಷಧಿ ಮತ್ತು ಪರೀಕ್ಷೆಯ ಮೂವತ್ತು ಸಾವಿರ ಪೂರ್ತಿ ಸಂದಾಯ. ಕೈಗವಸು, ಮಾಸ್ಕು, ಜೊತೆಗಿದ್ದವರ ಊಟ, ಇಂಥ ವಿಮೆಗೆ ಸೇರದ ಬಾಬತ್ತು ಆರು ಸಾವಿರ, ಅದು ಪೂರ್ತಿ ಕಡಿತ. ಉಳಿದ ಎಂಬತ್ತೆರಡು ಸಾವಿರದಲ್ಲಿ, ಅರವತ್ತು ದಾಟಿದ ರೋಗಿಯೇ ಭರಿಸಬೇಕಾದ ಪಾಲು ಶೇಕಡಾ ಹತ್ತು, ಎಂಟು ಸಾವಿರದ ಇನ್ನೂರು. ಲೆಕ್ಕದಲ್ಲಿ ಒಂದು ಕಾಸಿನ ತಪ್ಪೂ ಇರಲಿಲ್ಲ. ಒಬ್ಬರ ಕೋಣೆ ಎಂದ ಮೇಲೆ ಇದೇ ಬರಬೇಕು.

ಒಬ್ಬರ ಕೋಣೆ! ನಾನು ಮೂರು ಸಲ ಬೇಡ ಎಂದದ್ದನ್ನು ಗಂಡ ಹೆಂಡತಿ ಇಬ್ಬರೂ ಗಾಳಿಗೆ ತೂರಿದ್ದರು.

ಅಕ್ಕ ಕೌಂಟರಿನ ಎದುರಿನ ಬೆಂಚಿನಲ್ಲೇ ಚೀಲ ಹಿಡಿದು ಕಾಯುತ್ತಿದ್ದಳು. ಕರೆದು ಮೊತ್ತ ಹೇಳಿದೆ. ಕೋಣೆ ಮಿತಿ ಮೀರಿದ್ದಕ್ಕೆ ಎಲ್ಲದರಲ್ಲೂ ಕಡಿತವಾಗಿದೆ ಎಂದೆ. ಅವಳಿಗೆ ಮಿತಿ ಎಂದರೇನು, ಮೀರಿದ್ದು ಹೇಗೆ, ಯಾವುದೂ ತಿಳಿಯಲಿಲ್ಲ. ಆದರೆ ಬಟ್ಟೆ ಕತ್ತರಿಸುವವಳಲ್ಲವೇ, ಅವಳದೇ ರೀತಿಯಲ್ಲಿ ಹಿಡಿದುಕೊಂಡಳು. ಅಂಚಿನ ಬಟ್ಟೆ ಮೊದಲೇ ಲೆಕ್ಕಕ್ಕಿಲ್ಲ, ಆಮೇಲೆ ಕಿಟಕಿ ಸಣ್ಣದು ಅಂತ ಬಟ್ಟೆಯನ್ನೂ ಸಣ್ಣ ಮಾಡಿದರು, ಕೊನೆಗೆ ಉಳಿದದ್ದರಲ್ಲಿ ಹತ್ತರಲ್ಲೊಂದು ಭಾಗ ನಮ್ಮದು, ಅಷ್ಟೇನಾ ಎಂದು ಕೇಳಿದಳು. ಹದಿನಾಲ್ಕು ವರ್ಷದಲ್ಲಿ ಯಾರೂ ಇಷ್ಟು ಬೇಗ ಅರ್ಥ ಮಾಡಿಕೊಂಡಿರಲಿಲ್ಲ. ನಾನು ಹೂಂ ಎಂದೆ.

ಅಕ್ಕ ಚೀಲದಿಂದ ಅಳತೆ ಪುಸ್ತಕ ತೆಗೆದಳು. ಕೊನೆಯ ಹಾಳೆ ತೆರೆದು, ‘ಸ್ಕೂಟರ್’ ಎಂಬುದರ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆಯುವಷ್ಟೇ ನೇರವಾಗಿ ಎಳೆದಳು.

“ಇರಲಿ ಬಿಡು,” ಎಂದಳು. “ಅವರು ಚೆನ್ನಾಗಿದ್ದಾರಲ್ಲ, ಅಷ್ಟು ಸಾಕು. ಇನ್ನೂ ಹನ್ನೊಂದು ಸಾವಿರ ಬೇಕಾಗುತ್ತೆ, ಬಳೆ ಇದೆ. ಟೀಚರಿಗೆ ಸಂಜೆ ಹೇಳ್ತೀನಿ.”

ಈ ‘ಇರಲಿ ಬಿಡು’ ಅಂದರೆ ನನಗೆ ಮೈ ಉರಿಯುತ್ತದೆ. ಓದು ಬಿಡಿಸಿದಾಗ ಇರಲಿ ಬಿಡು, ಯಾರೋ ಪರದೆ ಹೊಲಿಸಿ ದುಡ್ಡು ಕೊಡದಿದ್ದಾಗ ಇರಲಿ ಬಿಡು. ಅವಳ ಬಾಯಲ್ಲಿ ಆ ಮಾತು ಬಂತೆಂದರೆ ಅವಳದ್ದೇನೋ ಒಂದು ಹೋಯಿತು ಎಂದೇ ಅರ್ಥ. ಅವಳು ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲವಾದ್ದರಿಂದ ಸಿಟ್ಟು ನೆತ್ತಿಗೇರಿತು. ಕೈಗೆ ಸಿಕ್ಕ ಕಡತ ಹಿಡಿದು ಭಾವನನ್ನು ವಿಚಾರಿಸಿಕೊಳ್ಳಲು ಮೂರನೇ ಮಹಡಿಗೆ ಹೊರಟೆ. ಅಕ್ಕ ಬೇಡ ಬೇಡ ಎನ್ನುತ್ತ ಹಿಂದೆಯೇ ಬಂದಳು.

ಭಾವ ದಿಂಬಿಗೊರಗಿ ಕೂತು, ಊಟದ ತಟ್ಟೆಯ ಜೊತೆ ಬಂದ ಪಥ್ಯದ ಚೀಟಿಯನ್ನು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ಮುಖ ಸ್ವಲ್ಪ ಇಳಿದಿತ್ತು, ಬೋಳುತಲೆ ಮಾತ್ರ ಎಂದಿನಂತೆ ಹೊಳೆಯುತ್ತಿತ್ತು. ಹೇಗಿದ್ದೀರಿ ಎಂದು ಕೇಳುವ ಸೌಜನ್ಯವೂ ನನಗಿರಲಿಲ್ಲ. ಬಾಗಿಲಲ್ಲೇ ಶುರು ಮಾಡಿದೆ. ಒಬ್ಬರೇ ಮಲಗದಿದ್ದರೆ ನಿದ್ದೆ ಬರ್ತಿರಲಿಲ್ವಾ ಎಂದೆ. ನಿಮ್ಮ ಕಲ್ಲಿಗೆ ಪ್ರತ್ಯೇಕ ಅರಮನೆ ಬೇಕಾಗಿತ್ತಾ ಎಂದೆ. ಅಕ್ಕ ಮೂರು ವರ್ಷ ಕೂಡಿಸಿದ್ದನ್ನು ಮೂರು ರಾತ್ರಿಗೆ ಮುಗಿಸಿದಿರಿ, ಒಬ್ಬರ ಕೋಣೆಯಲ್ಲಿ ರಾಜನ ಹಾಗೆ ಕಾಲು ಚಾಚಿಕೊಂಡು ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಭಾವ ಪೆನ್ಸಿಲ್ ಕೆಳಗಿಟ್ಟು, ಕಣ್ಣು ಮಿಟುಕಿಸದೆ ಕೇಳುತ್ತಿದ್ದರು.

ಆಗ ಅವರ ಆಚೆಗಿದ್ದ ಹಸಿರು ಪರದೆ ಸರಿಯಿತು. ದಪ್ಪ ಮೀಸೆಯ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬರು ಇನ್ನೊಂದು ಹಾಸಿಗೆಯಿಂದ ಇಣುಕಿದರು.

“ಕ್ಷಮಿಸಿ ಮೇಡಂ,” ಎಂದರು. “ಇದು ಒಬ್ಬರ ಕೋಣೆ ಅಂದ್ರೆ, ಮತ್ತೆ ನಾನ್ಯಾರು?”

ನಾನು ನಿಂತಲ್ಲೇ ನಿಂತೆ. ಎರಡು ಹಾಸಿಗೆ, ಎರಡು ಮೇಜು, ಎರಡು ನೀರಿನ ಜಗ್ಗು. ಹದಿನಾಲ್ಕು ವರ್ಷದಿಂದ ಈ ಕಟ್ಟಡದಲ್ಲಿದ್ದೇನೆ, ಮುನ್ನೂರ ಹನ್ನೆರಡು ಇಬ್ಬರ ಕೋಣೆ ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಸಿಟ್ಟಿನಲ್ಲಿ ಬಾಗಿಲ ಮೇಲಿನ ಸಂಖ್ಯೆಯನ್ನೂ ನೋಡಿರಲಿಲ್ಲ.

ಅವರು ನಿವೃತ್ತ ಬಸ್ ಕಂಡಕ್ಟರು, ಸ್ವಂತ ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡವರು. ಬುಧವಾರದಿಂದ ತಾವು ಇಲ್ಲೇ ಇರುವುದಾಗಿಯೂ, ಈ ಯಜಮಾನರು ತಮ್ಮ ಮುರಿದ ಕಾಲಿನ ಎಕ್ಸ್‌ರೇ ವರದಿಯಲ್ಲಿ ಈಗಾಗಲೇ ನಾಲ್ಕು ಕಡೆ ಅಲ್ಪವಿರಾಮ ಹಾಕಿರುವುದಾಗಿಯೂ ಹೇಳಿದರು. ಬೇಕಾದರೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ ಎಂದರು. ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗುತ್ತಿದ್ದಾಳೆ ಎಂದು ಭುಜದಿಂದ ಗೊತ್ತಾಯಿತು.

ನಾನು ಕಡತ ತೆರೆದೆ. ದಾಖಲಾತಿ ಅರ್ಜಿ ಮೇಲೆಯೇ ಇತ್ತು. ಕೋಣೆಯ ಸಾಲಿನಲ್ಲಿ ನಾಲ್ಕು ಆಯ್ಕೆ: ಸಾಮಾನ್ಯ ವಾರ್ಡು, ಇಬ್ಬರ ಕೋಣೆ, ಒಬ್ಬರ ಕೋಣೆ, ಡಿಲಕ್ಸ್. ಬೇಡವಾದದ್ದನ್ನು ಹೊಡೆದುಹಾಕಿ ಎಂದು ಸೂಚನೆ. ಅರ್ಜಿಯಲ್ಲಿ ವಾರ್ಡು, ಡಿಲಕ್ಸಿನ ಜೊತೆ ‘ಇಬ್ಬರ ಕೋಣೆ’ಯ ಮೇಲೂ ಢಾಳಾಗಿ ಗೆರೆ ಬಿದ್ದಿತ್ತು. ‘ಒಬ್ಬರ ಕೋಣೆ’ಯ ಪಕ್ಕ ಬಾಲ ಸುರುಳಿ ಸುತ್ತಿದ ದೊಡ್ಡದೊಂದು ಗುರುತಿತ್ತು. ಅರ್ಜಿಯನ್ನು ಭಾವನ ಮೂಗಿನ ಮುಂದೆ ಹಿಡಿದೆ. ಕೈ ನಿಮ್ಮದೇ ತಾನೇ ಎಂದೆ.

ಭಾವ ಕನ್ನಡಕ ಏರಿಸಿ ನೋಡಿದರು. ಅವರ ಮುಖ ಅರಳಿತು. ಹಳೆಯ ಸ್ನೇಹಿತರು ಸಿಕ್ಕ ಹಾಗೆ.

“ಸರಿಯಾಗೇ ತಿದ್ದಿದ್ದೀನಲ್ಲ,” ಎಂದರು. “ನೋವಿನಲ್ಲಿ ಮೊದಲು ತಪ್ಪಿ ‘ಇಬ್ಬರ ಕೋಣೆ’ ಹೊಡೆದೆ. ಆಮೇಲೆ ಅದರ ಕೆಳಗೆ ಚುಕ್ಕಿ ಹಾಕಿದೆ, ನೋಡು. ಹೊಡೆದ ಪದದ ಕೆಳಗೆ ಚುಕ್ಕಿ ಸಾಲು ಇಟ್ಟರೆ ‘ಇರಲಿ’ ಅಂತ. ಹೊಡೆದದ್ದು ತಪ್ಪು, ಪದ ಇದ್ದಲ್ಲೇ ಇರಲಿ. ಇನ್ನು ಈ ಸುರುಳಿ, ಇದು ‘ತೆಗೆ’. ಒಬ್ಬರ ಕೋಣೆ ತೆಗೆ. ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸೋ ಯಾರಿಗಾದ್ರೂ ಅರ್ಥ ಆಗುತ್ತೆ.”

ಬಗ್ಗಿ ನೋಡಿದೆ. ನಿಜವೇ. ಗೆರೆಯ ಕೆಳಗೆ ಐದು ಸಣ್ಣ ಚುಕ್ಕಿಗಳಿದ್ದವು. ದಾಖಲಾತಿ ಮಾಡಿಕೊಂಡ ನಮ್ಮ ಮುಂಗೌಂಟರಿನವನು ಪಾಪ ಮೊಳೆ ಜೋಡಿಸುವವನಲ್ಲ. ಅವನಿಗೆ ಚುಕ್ಕಿ ಪೆನ್ನಿನ ಶಾಯಿ ಸಿಡಿದದ್ದರಂತೆ ಕಂಡಿದೆ, ಸುರುಳಿ ಸರಿ ಗುರುತಿನಂತೆ ಕಂಡಿದೆ. ಕಂಪ್ಯೂಟರಿನಲ್ಲಿ ದರದ ದರ್ಜೆ ಎಂಬಲ್ಲಿ ಒಬ್ಬರ ಕೋಣೆ ಎಂದು ಹಾಕಿದ್ದಾನೆ. ಅಂದು ಒಬ್ಬರ ಕೋಣೆ ಯಾವುದೂ ಖಾಲಿ ಇರಲಿಲ್ಲ. ಹಾಗಾಗಿ ಸದ್ಯಕ್ಕೆ ಇಬ್ಬರ ಕೋಣೆಯ ಹಾಸಿಗೆ ಕೊಟ್ಟು, ಖಾಲಿಯಾದಾಗ ಬದಲಿಸಿ ಎಂದು ಷರಾ ಬರೆದಿದ್ದಾನೆ. ಖಾಲಿಯಾಗಲೇ ಇಲ್ಲ. ಭಾವ ಮಲಗಿದ್ದು ನಾಲ್ಕು ಸಾವಿರದ ಹಾಸಿಗೆಯಲ್ಲಿ, ಬಿಲ್ಲು ಏರಿದ್ದು ಎಂಟು ಸಾವಿರದ ದರದಲ್ಲಿ. ಸರ್ಜನ್ ಶುಲ್ಕ, ಆಪರೇಷನ್ ಶುಲ್ಕಗಳೂ ನಮ್ಮಲ್ಲಿ ಕೋಣೆಯ ದರ್ಜೆಗೆ ತಕ್ಕಂತೆಯೇ ಏರುತ್ತವೆ. ನನ್ನ ಬದಲಿಗೆ ಕೂತಿದ್ದವಳು ಕಂಪ್ಯೂಟರಿನಲ್ಲಿದ್ದುದನ್ನೇ ನಕಲು ಮಾಡಿ ವಿಮೆಯವರಿಗೆ ಅರ್ಜಿ ಕಳಿಸಿದ್ದಳು. ಅಂತಿಮ ಬಿಲ್ಲನ್ನು ತೆರೆದೂ ನೋಡದೆ ಕಳಿಸಿದವಳು ಯಾರು ಎಂದು ಮತ್ತೆ ಹೇಳಬೇಕಾಗಿಲ್ಲ.

ನಾಲಿಗೆ ಕಚ್ಚಿಕೊಂಡು ಭಾವನ ಕ್ಷಮೆ ಕೇಳಿದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅರ್ಜಿಯಲ್ಲಿ ‘ಹೊಡೆದುಹಾಕಿ’ ಎಂಬುದನ್ನು ಎರಡು ಪದವಾಗಿ ಅಚ್ಚು ಮಾಡಿದ್ದಾರೆ, ಒಂದೇ ಆಗಬೇಕು ಎಂದರು.

ಗಂಟೆ ಎರಡೂವರೆ. ಟೀಚರ್ ಕಾಯುವುದು ಆರರ ತನಕ.

ಅಂದಿನ ಮಧ್ಯಾಹ್ನ ನಾನು ಓಡಿದಷ್ಟು ಶಾಲೆಯ ಓಟದ ಪಂದ್ಯದಲ್ಲೂ ಓಡಿರಲಿಲ್ಲ. ಮೊದಲು ವಾರ್ಡಿನ ಹಿರಿಯ ನರ್ಸ್ ಹತ್ತಿರ ಹಾಸಿಗೆ ದಾಖಲೆಯ ಪ್ರತಿ ತಗೊಂಡೆ: ಮುನ್ನೂರ ಹನ್ನೆರಡು, ಹಾಸಿಗೆ ಎರಡು, ಬುಧವಾರದಿಂದ ಶನಿವಾರ. ಆಮೇಲೆ ಮುಂಗೌಂಟರಿಗೆ. ಹುಡುಗ ಅರ್ಜಿ ನೋಡಿ, ಇದು ಶಾಯಿ ಅಲ್ವಾ ಮೇಡಂ ಎಂದ. ಬೈಯಲು ಬಾಯಿ ತೆರೆದೆ, ನನ್ನ ಬೆಳಗಿನ ಸಾಧನೆ ನೆನಪಾಗಿ ಮುಚ್ಚಿಕೊಂಡೆ. ಅವನು ದರ್ಜೆ ಬದಲಾವಣೆಯ ಪತ್ರ ಬರೆದ, ಮೇಲ್ವಿಚಾರಕರು ಸಹಿ ಹಾಕಿದರು. ಬಿಲ್ಲಿಂಗ್ ವಿಭಾಗದಾತ ಊಟಕ್ಕೆ ಏಳುವವನಿದ್ದ, ಅವನ ಕುರ್ಚಿ ಹಿಡಿದು ಕೂರಿಸಿದೆ. ಮೂರೂವರೆಗೆ ಹೊಸ ಬಿಲ್ಲು ಕಂಪನಿಗೆ ಹೋಯಿತು.

ನಾಲ್ಕಕ್ಕೆ ಕಂಪನಿಯಿಂದ ಪ್ರಶ್ನೆ ಬಂತು. ಕೋಣೆಯ ದರ್ಜೆ ಬದಲಾದದ್ದಕ್ಕೆ ಕಾರಣ ತಿಳಿಸಿ. ರೋಗಿಯೇ ಇಬ್ಬರ ಕೋಣೆಯನ್ನು ಹೊಡೆದಿರುವುದು ಅರ್ಜಿಯಲ್ಲಿ ಕಾಣುತ್ತದೆ. ಕೇಳುವುದು ನ್ಯಾಯವೇ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ಉತ್ತರ ಬರೆಯಲು ಕೂತೆ, ಆದರೆ ಚುಕ್ಕಿಯ ಮರ್ಮವನ್ನು ನನ್ನ ಮಾತಿನಲ್ಲಿ ಹೇಳಹೊರಟರೆ ನನಗೇ ನಂಬಿಕೆ ಬರಲಿಲ್ಲ. ಮತ್ತೆ ಮೂರನೇ ಮಹಡಿ. ಭಾವ ಹಾಸಿಗೆಯಲ್ಲೇ ಕೂತು ಒಂದು ಹಾಳೆ ಬರೆದುಕೊಟ್ಟರು. ಅದು ವಿವರಣೆಯಂತೆ ಇರಲಿಲ್ಲ, ಪಾಠದಂತಿತ್ತು. ಚುಕ್ಕಿಯ ಚಿತ್ರ, ಸುರುಳಿಯ ಚಿತ್ರ, ಉಪಯೋಗಿಸುವ ಸಂದರ್ಭ, ಎರಡು ಉದಾಹರಣೆ, ಕೆಳಗೆ ಸಹಿ. ಕಂಡಕ್ಟರೂ ಬಿಡಲಿಲ್ಲ. ‘ಮೂರು ರಾತ್ರಿಯೂ ಇವರ ಗೊರಕೆ ಕೇಳಿರುತ್ತೇನೆ’ ಎಂದು ಬರೆದು ಸಹಿ ಹಾಕಿದರು. ಅದನ್ನು ಕಳಿಸುವ ಅಗತ್ಯವೇನೂ ಇರಲಿಲ್ಲ. ಹಾಸಿಗೆ ದಾಖಲೆಯೇ ಸಾಕಿತ್ತು. ಆದರೂ ಕಳಿಸಿದೆ.

ಐದೂ ಹತ್ತಕ್ಕೆ ಪರಿಷ್ಕೃತ ಮಂಜೂರಾತಿ ಬಂತು. ಅಕ್ಕ ಕೌಂಟರಿನ ಈಚೆಗೇ ಬಂದು ನನ್ನ ಭುಜದ ಮೇಲಿಂದ ನೋಡುತ್ತಿದ್ದಳು. ಬೆರಳಿಟ್ಟು ಸಾಲುಸಾಲಾಗಿ ಓದಿ ಹೇಳಿದೆ. ಕೋಣೆ ಹನ್ನೆರಡು ಸಾವಿರ, ಕಡಿತವಿಲ್ಲ. ಸರ್ಜನ್ ಇತ್ಯಾದಿ ಇಬ್ಬರ ಕೋಣೆಯ ದರದಲ್ಲಿ ಅರವತ್ತು ಸಾವಿರ, ಕಡಿತವಿಲ್ಲ. ಔಷಧಿ, ಪರೀಕ್ಷೆ ಮೂವತ್ತು ಸಾವಿರ. ಸೇರದ ಬಾಬತ್ತು ಅದೇ ಆರು ಸಾವಿರ. ಬಿಲ್ಲು ಒಂದು ಲಕ್ಷ ನಲವತ್ತರಿಂದ ಒಂದು ಲಕ್ಷ ಎಂಟಕ್ಕೆ ಇಳಿದಿತ್ತು, ಕಂಪನಿ ಕೊಡುವುದು ಎಪ್ಪತ್ಮೂರು ಚಿಲ್ಲರೆಯಿಂದ ತೊಂಬತ್ತೊಂದು ಸಾವಿರದ ಎಂಟುನೂರಕ್ಕೆ ಏರಿತ್ತು. ಬಿಲ್ಲು ಇಳಿದು ವಿಮೆ ಏರಿದ್ದನ್ನು ನನ್ನ ಕೌಂಟರಿನಲ್ಲಿ ನಾನು ಕಂಡದ್ದು ಅದೇ ಮೊದಲು. ಅಕ್ಕ ಕೊಡಬೇಕಾದದ್ದು ಆರು ಸಾವಿರ, ಅದರ ಮೇಲೆ ಒಂದು ಲಕ್ಷದ ಎರಡು ಸಾವಿರದಲ್ಲಿ ಹತ್ತನೇ ಒಂದು ಪಾಲು. ಒಟ್ಟು ಹದಿನಾರು ಸಾವಿರದ ಇನ್ನೂರು.

ಆರು ಸಾವಿರದ ಪಟ್ಟಿಯನ್ನೂ ಅಕ್ಕ ಬಿಡದೆ ಓದಿಸಿದಳು. ಕಡತ ಶುಲ್ಕ ಒಂದೂವರೆ ಸಾವಿರ. ಅವಳು ತಿಂದ ಊಟ ಒಂದು ಸಾವಿರದ ಎಂಟುನೂರು, ಅದಕ್ಕೆ ಅವಳು ಪಥ್ಯದ ಅಡುಗೆಗೆ ಇಷ್ಟೊಂದಾ ಎಂದಳು. ಕೈಗವಸು, ಮಾಸ್ಕು ಇತ್ಯಾದಿ ಇನ್ನೊಂದು ಸಾವಿರದ ಎಂಟುನೂರು. ಸೋಪು, ಬ್ರಷ್ಷು, ಬಾಚಣಿಗೆ ಇರುವ ಸ್ವಾಗತದ ಚೀಲ ಒಂಬೈನೂರು.

“ಬಾಚಣಿಗೇನಾ?” ಎಂದಳು ಅಕ್ಕ. “ಇವರಿಗಾ?”

ನಕ್ಕು ನಕ್ಕು ನಮ್ಮಿಬ್ಬರಿಗೂ ಹೊಟ್ಟೆನೋವು ಬಂತು. ಎದುರು ಕೂತ ರೋಗಿಗಳ ಮನೆಯವರು ಕಟ್ ಮೇಡಂ ನಗುವುದನ್ನು ಕಣ್ಣು ಬಿಟ್ಟು ನೋಡಿದರು.

ದುಡ್ಡು ಕಟ್ಟಿದೆವು. ರಶೀದಿ ಹಿಡಿದು ಮೇಲೆ ಬರುವಾಗ ಲಿಫ್ಟಿನಲ್ಲಿ ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದಳು. ಐವತ್ತೈದರಲ್ಲಿ ಹದಿನಾರು ಚಿಲ್ಲರೆ ಹೋದರೆ ಮೂವತ್ತೆಂಟು ಸಾವಿರದ ಎಂಟುನೂರು. ನಲವತ್ತಕ್ಕೆ ಸಾವಿರದ ಇನ್ನೂರು ಕಮ್ಮಿ. ಟೀಚರ್ ನಾಳೆ ಬೆಳಿಗ್ಗೆ ಸಾಮಾನು ಲಾರಿಯ ಜೊತೆ ಹೊರಡುವವರು, ಅವರಿಗೆ ಪೂರ್ತಿ ಕೈಗೆ ಬೇಕು. ಅಕ್ಕನ ಬಾಯಲ್ಲಿ ಮತ್ತೆ ಆ ಮಾತು ತಯಾರಾಗುತ್ತಿರುವುದು ನನಗೆ ಕಾಣಿಸಿತು. ಅವಳು ಬಾಯಿ ತೆರೆಯುವ ಮೊದಲೇ ನನ್ನ ಪರ್ಸಿನಿಂದ ಸಾವಿರದ ಇನ್ನೂರು ತೆಗೆದು ಅವಳ ಚೀಲಕ್ಕೆ ತುರುಕಿದೆ. ಬೆಳಿಗ್ಗೆ ಬಿಲ್ಲು ತೆರೆದು ನೋಡದ ತಪ್ಪು ನನ್ನದು, ಸ್ಕೂಟರಿನಲ್ಲಿ ಇದು ನನ್ನ ಪಾಲು, ನಿಯಮ ಎಂದರೆ ನಿಯಮ ಎಂದೆ. ಅವಳು ಬೇಡವೆಂದು ಕೈ ಹಿಡಿದಳು. ಮೂರನೇ ಮಹಡಿ ಬರುವ ತನಕ ಅಕ್ಕತಂಗಿಯರಿಬ್ಬರೂ ನೋಟು ಹಿಡಿದು ಎಳೆದಾಡಿದೆವು. ಕೊನೆಗೆ ಅವಳು ಸಾಲ ಅಂತ ಬರೆದುಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಒಪ್ಪಿದಳು.

ಭಾವ ಹೊರಡಲು ತಯಾರಾಗಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಬಾಚಣಿಗೆಯನ್ನು ಕಂಡಕ್ಟರಿಗೆ ದಾನ ಮಾಡಿಯಾಗಿತ್ತು, ಅವರು ಅದರಲ್ಲಿ ಮೀಸೆ ಬಾಚಿಕೊಳ್ಳುತ್ತಿದ್ದರು. ಓಡಾಟದಲ್ಲಿ ಅಕ್ಕ ಅಳತೆ ಪುಸ್ತಕವನ್ನು ಹಾಸಿಗೆಯ ಮೇಲೆಯೇ ಬಿಟ್ಟುಹೋಗಿದ್ದಳು. ಈಗ ಸಾಲ ಬರೆಯಲೆಂದು ಅದನ್ನು ತೆಗೆದು ಕೊನೆಯ ಹಾಳೆ ತಿರುವಿದಳು. ತಿರುವಿದವಳು ಹಾಗೆಯೇ ನಿಂತಳು.

ನಾನು ಇಣುಕಿದೆ. ‘ಸ್ಕೂಟರ್’ ಎಂಬ ಪದ, ಅದರ ಮೇಲೆ ಮಧ್ಯಾಹ್ನ ಅಕ್ಕ ಎಳೆದ ನೇರ ಗೆರೆ. ಪದದ ಕೆಳಗೆ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ, ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಇಟ್ಟ ಚುಕ್ಕಿಗಳು.

ಯಾವಾಗ ಇಟ್ಟಿರಿ ಎಂದು ನಾನು ಕೇಳಿದೆ. ವಿವರಣೆ ಬರೆದ ಮೇಲೆ, ನಾಲ್ಕೂಕಾಲಿಗೆ ಎಂದರು ಭಾವ. ಮಂಜೂರಾತಿ ಬಂದದ್ದು ಐದೂ ಹತ್ತಕ್ಕೆ. ಕಂಪನಿಯವರು ಒಪ್ಪದೆ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದೆ. ಅವರು ತಲೆ ತಗ್ಗಿಸಿ ಪೆನ್ಸಿಲಿನ ಮೊನೆ ನೋಡಿಕೊಂಡರು. ಮಧ್ಯಾಹ್ನವೆಲ್ಲ ಹುರುಪಿನಲ್ಲೇ ಇದ್ದವರ ದನಿ ಈಗ ಸಣ್ಣಗಾಗಿತ್ತು.

“ವಾಚು ಮಾರ್ತಿದ್ದೆ, ಎಲ್ಲಾದ್ರೂ ತಿದ್ದೋ ಕೆಲಸ ಹಿಡೀತಿದ್ದೆ, ಗೊತ್ತಿಲ್ಲ,” ಎಂದರು. “ಮೂವತ್ತೈದು ವರ್ಷ ಊರವರ ತಪ್ಪೆಲ್ಲ ತಿದ್ದಿದೆ. ನನ್ನ ಹೊಟ್ಟೆಯ ಕಲ್ಲಿಗೋಸ್ಕರ ಇವಳು ಇದನ್ನ ಹೊಡೆದದ್ದು ತಪ್ಪು. ಅದನ್ನ ನೋಡ್ಕೊಂಡು ಸುಮ್ಮನೆ ಹೇಗಿರ್ಲಿ?”

ಅಕ್ಕ ಚುಕ್ಕಿಗಳ ಮೇಲೆ ಒಮ್ಮೆ ಬೆರಳಾಡಿಸಿದಳು. ಕಂಡಕ್ಟರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಆಮೇಲೆ ಅಕ್ಕ ಗಡಿಯಾರ ನೋಡಿದಳು. ಐದೂ ಮುಕ್ಕಾಲು. ಚೀಲದಿಂದ ಫೋನ್ ತೆಗೆದಳು.

“ಟೀಚರ್, ನಾನು,” ಎಂದಳು. “ಸ್ಕೂಟರ್ ಇರಲಿ. ನಾನು ಬರ್ತಾ ಇದ್ದೀನಿ.”

ಅಕ್ಕ ಮೊದಲೇ ಹೊರಟುಹೋದಳು, ಭಾವನನ್ನು ನಾನು ಆಮೇಲೆ ಟ್ಯಾಕ್ಸಿಯಲ್ಲಿ ಮನೆಗೆ ಕರೆದೊಯ್ದೆ. ಬೀದಿಯ ತಿರುವಿನಲ್ಲಿ ಹಿಂದಿನಿಂದ ಯಾರೋ ಜೋರಾಗಿ ಹಾರ್ನ್ ಹೊಡೆದರು. ಡ್ರೈವರ್ ಬೈಯುತ್ತ ಪಕ್ಕಕ್ಕೆ ಸರಿದ. ಸ್ಕೂಟರಿನಲ್ಲಿ ಒಂದು ಸುತ್ತು ಹೊಡೆದು ಬರುತ್ತಿದ್ದ ಅಕ್ಕ ನಮ್ಮನ್ನು ದಾಟಿ, ತಿರುಗಿಯೂ ನೋಡದೆ, ನೆಟ್ಟಗೆ ಕೂತು ಮುಂದೆ ಹೋದಳು.